ಒಪ್ಪತ್ತಿನ ಊಟ, 1700 ಕ್ಯಾಲೊರಿ

ಒಪ್ಪತ್ತು ಉಣ್ಣುವುದು ನಮ್ಮ ಮನೆಗಳಿಗೆ ಹೊಸದಲ್ಲ. ಏಕಾದಶಿಯ ಮರುದಿನದ ಪಾರಣೆಯನ್ನೂ ವ್ರತದ ದಿನದ ಒಂದು ಹೊತ್ತಿನ ಊಟವನ್ನೂ ಕಂಡವರೇ ಎಲ್ಲರೂ. ಹೊಸದಾಗಿ ಬಂದಿರುವುದು ಅದಕ್ಕೆ ಅಂಟಿಕೊಂಡಿರುವ ಲೆಕ್ಕ ಮಾತ್ರ: ದಿನದ ನಾಲ್ಕು ಗಂಟೆಗಳ ಒಳಗೆ ಆಹಾರವೆಲ್ಲ ಮುಗಿಯಬೇಕು, ಮತ್ತು ಅದು ಇಂತಿಷ್ಟು ಕ್ಯಾಲೊರಿಗಳನ್ನು ಮೀರಕೂಡದು. ವ್ರತದ ದಿನ ಎಲೆಯ ಮೇಲೆ ಎಷ್ಟು ಬಡಿಸಿದರೂ ಕೇಳುವವರಿರಲಿಲ್ಲ. ಇಲ್ಲಿ ಪ್ರತಿ ಸೌಟಿಗೂ ಉತ್ತರ ಹೇಳಬೇಕು.

ಬೆಂಗಳೂರಿನ ಬಡಾವಣೆಯೊಂದರ ಗೃಹಸ್ಥರೊಬ್ಬರ ಸಂಗತಿಯನ್ನು ತೆಗೆದುಕೊಳ್ಳಬಹುದು. ವಯಸ್ಸು 47, ಎತ್ತರ 168 ಸೆಂಟಿಮೀಟರ್, ತೂಕ 82 ಕಿಲೋ. ಕುಳಿತು ಮಾಡುವ ಉದ್ಯೋಗ. ರಕ್ತದೊತ್ತಡ ಏರತೊಡಗಿದುದನ್ನು ಕಂಡ ವೈದ್ಯರು, ಔಷಧ ಪ್ರಾರಂಭಿಸುವ ಮೊದಲು ಆರು ತಿಂಗಳ ಅವಧಿ ಕೊಟ್ಟು, ಅಷ್ಟರಲ್ಲಿ ಆರು ಕಿಲೋ ಇಳಿಸಲು ಹೇಳಿದ್ದರು. ಬೆಳಗಿನ ತಿಂಡಿ, ಮಧ್ಯಾಹ್ನದ ಡಬ್ಬಿ ಎರಡನ್ನೂ ಬಿಟ್ಟು, ಸಂಜೆ 5ರಿಂದ 9ರವರೆಗೆ ಮಾತ್ರ ಉಣ್ಣುವುದು ತಮಗೆ ಸುಲಭವೆಂದು ಅವರೇ ಆರಿಸಿಕೊಂಡರು. ಅವರ ಮೈಕಟ್ಟಿನವರಿಗೆ ದಿನಕ್ಕೆ ಸುಮಾರು 2200 ಕ್ಯಾಲೊರಿ ಖರ್ಚಾಗುತ್ತದೆ ಎಂಬುದು ಅಂದಾಜು. ಅದರಲ್ಲಿ 500 ಕಳೆದು 1700 ಎಂದು ಗೊತ್ತುಮಾಡಿದರು. ಈ ಕೊರತೆ ತಪ್ಪದೆ ಉಳಿದರೆ ವಾರಕ್ಕೆ ಅರ್ಧ ಕಿಲೋದಷ್ಟು ಇಳಿಯಬೇಕು.

ಇಲ್ಲಿ ಒಂದು ಮಾತು. ತೂಕವನ್ನು ಇಳಿಸುವುದು ಗಡಿಯಾರವೆಂದು ಅನೇಕರು ನಂಬಿದ್ದಾರೆ. ಚೀನಾ ದೇಶದ ಗ್ವಾಂಗ್‌ಝೌ ನಗರದಲ್ಲಿ ಸ್ಥೂಲಕಾಯದ 139 ಜನರನ್ನು ಒಂದು ವರ್ಷ ಪರೀಕ್ಷಿಸಿದರು. ಅದರ ವರದಿ 2022ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಎರಡು ಪಂಗಡಗಳಿಗೂ ಒಂದೇ ಕ್ಯಾಲೊರಿ ಮಿತಿ. ಒಂದು ಪಂಗಡ ಮಾತ್ರ ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಬೇಕಿತ್ತು. ವರ್ಷದ ಕೊನೆಗೆ ಆ ಪಂಗಡದವರು ಸರಾಸರಿ 8 ಕಿಲೋ, ಇನ್ನೊಂದು ಪಂಗಡದವರು 6.3 ಕಿಲೋ ಇಳಿದಿದ್ದರು. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದುದರಿಂದ ಗಡಿಯಾರದ ಪ್ರಯೋಜನ ಸಿದ್ಧವಾಗಲಿಲ್ಲ. ಕೆಲವರಿಗೆ ಅವಧಿಯ ಕಟ್ಟು ಮಿತಿಯನ್ನು ಪಾಲಿಸಲು ನೆರವಾಗುತ್ತದೆ. ಕೆಲಸ ಮಾಡುವುದು ಮಿತಿಯೇ. ಆದುದರಿಂದ ಈ ಮನೆಯ ಪ್ರಶ್ನೆಯೆಲ್ಲ ಅಡಿಗೆಮನೆಗೇ ಬಂದು ನಿಂತಿತು.

ಗೃಹಿಣಿ ಮೊದಲು ಕೊಂಡದ್ದು ಗ್ರಾಮಿನವರೆಗೆ ತೂಗುವ ಪುಟ್ಟ ತಕ್ಕಡಿ. ಎರಡನೆಯ ದಿನವೇ ಒಂದು ತಪ್ಪು ನಡೆಯಿತು. ತಟ್ಟೆಯಲ್ಲಿದ್ದ ಅನ್ನ 200 ಗ್ರಾಂ ತೂಗಿತು. ಪಟ್ಟಿಯಲ್ಲಿ ಅಕ್ಕಿ 100 ಗ್ರಾಮಿಗೆ 350 ಕ್ಯಾಲೊರಿ ಎಂದಿತ್ತು. 700 ಎಂದು ಬರೆದುಬಿಟ್ಟರು. ಆ ಅಂಕಿ ಹಸಿ ಅಕ್ಕಿಯದು. ಬೆಂದ ಅನ್ನದಲ್ಲಿ ಬಹುಭಾಗ ನೀರು. ಅದರ 100 ಗ್ರಾಮಿಗೆ 130ರ ಆಸುಪಾಸು. ಯಜಮಾನರು ಆ ರಾತ್ರಿ ವೃಥಾ ಅರೆಹೊಟ್ಟೆಯಲ್ಲಿ ಮಲಗಿದರು. ಮಾರನೆಯ ದಿನದಿಂದ ಅಕ್ಕಿ, ರಾಗಿಹಿಟ್ಟು, ಬೇಳೆ ಇವುಗಳನ್ನು ಬೇಯಿಸುವ ಮೊದಲೇ ತೂಗುವುದೆಂದಾಯಿತು.

ಹುಳಿಯದು ಬೇರೆ ತೊಡಕು. ನಾಲ್ಕು ಜನರಿಗೆ ಒಂದೇ ಪಾತ್ರೆಯಲ್ಲಿ ಕುದಿಯುವುದನ್ನು ಒಬ್ಬರ ಪಾಲಿಗೆ ಹೇಗೆ ಲೆಕ್ಕ ಹಾಕುವುದು? ಉಪಾಯ ಸರಳವಾದುದು. ಖಾಲಿ ಪಾತ್ರೆಯ ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ಹಾಕಿದ ಪದಾರ್ಥಗಳು ಇವು: ತೊಗರಿಬೇಳೆ 200 ಗ್ರಾಂ, ಅಂದರೆ 680 ಕ್ಯಾಲೊರಿ, ತರಕಾರಿ 600 ಗ್ರಾಂ, 180, ತೆಂಗಿನತುರಿ 60 ಗ್ರಾಂ, 210, ಒಗ್ಗರಣೆಯ ಎಣ್ಣೆ ಒಂದು ದೊಡ್ಡ ಚಮಚ, 125, ಬೆಲ್ಲ, ಹುಳಿಪುಡಿ ಎಲ್ಲ ಸೇರಿ 100. ಒಟ್ಟು 1295. ಕುದಿದು ಇಳಿದ ಮೇಲೆ ಪಾತ್ರೆಯ ತೂಕ ಕಳೆದರೆ ಹುಳಿ ಎರಡು ಕಿಲೋ ಇತ್ತು. ಎಂದರೆ 100 ಗ್ರಾಮಿಗೆ 65 ಕ್ಯಾಲೊರಿ. ಯಜಮಾನರಿಗೆ ಅರ್ಧ ಕಿಲೋ ಬಡಿಸಿದರೆ 325. ಪಾತ್ರೆಯ ತಳದಿಂದ ಕಲಕಿ ಬಡಿಸಬೇಕು ಅಷ್ಟೆ. ಮೇಲಿನ ತಿಳಿಯಲ್ಲಿ ಬೇಳೆ ಇರುವುದಿಲ್ಲ.

ಆ ದಿನದ ಪೂರ್ತಿ ಪಟ್ಟಿ ಹೀಗಿತ್ತು. 75 ಗ್ರಾಂ ಹಿಟ್ಟಿನ ರಾಗಿ ಮುದ್ದೆಗೆ 245, 60 ಗ್ರಾಂ ಅಕ್ಕಿಯ ಅನ್ನಕ್ಕೆ 210, ಹುಳಿಗೆ 325, ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಮಾಡಿದ ಕಾಲು ಕಿಲೋ ಹುರುಳಿಕಾಯಿ ಪಲ್ಯಕ್ಕೆ 165, ಒಗ್ಗರಣೆಯಿಲ್ಲದ ಹೆಸರುಬೇಳೆ ಕೋಸಂಬರಿಗೆ 160, ಕಾಲು ಕಿಲೋ ಮೊಸರಿಗೆ 150. ಇಷ್ಟನ್ನೂ ಏಳೂವರೆಗೆ ಒಂದೇ ಸಲ ತಟ್ಟೆಯ ಸುತ್ತ ಜೋಡಿಸಿದರು. ಕೂಡಿದರೆ 1255. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದರ ತೂಕ ಒಂದೂವರೆ ಕಿಲೋವನ್ನು ಮೀರಿತ್ತೆಂಬುದು ಯಾರಿಗೂ ಹೊಳೆದಿರಲಿಲ್ಲ. ಮುದ್ದೆ, ಹುಳಿಗೇ ಯಜಮಾನರ ಹೊಟ್ಟೆ ಬಿಗಿದುಹೋಯಿತು. ಕೋಸಂಬರಿಯನ್ನೂ ಮೊಸರನ್ನೂ ಮುಟ್ಟಲಾಗಲಿಲ್ಲ. ಆಮೇಲೆ ಹತ್ತೂವರೆಗೆ ಹಸಿವು ಮರಳಿತು; ಚಕ್ಕುಲಿಯ ಡಬ್ಬದ ಮುಚ್ಚಳ ಸದ್ದು ಮಾಡಿತು. ಅವಧಿಯೂ ಮುರಿಯಿತು, ಮಿತಿಯೂ ಮುರಿಯಿತು.

ಇದು ಒಪ್ಪತ್ತಿನವರು ಸಾಮಾನ್ಯವಾಗಿ ಎಡವುವ ಸ್ಥಳ. ಕರಿದ ಪದಾರ್ಥ, ಸಿಹಿ ಇವುಗಳಿಂದ 1200 ಕ್ಯಾಲೊರಿ ಒಂದು ಸಣ್ಣ ತಟ್ಟೆಯಲ್ಲಿ ಅಡಗುತ್ತದೆ, ಹೊಟ್ಟೆ ತುಂಬುವುದಿಲ್ಲ. ತರಕಾರಿ, ಬೇಳೆಗಳಿಂದಲೇ ಅಷ್ಟನ್ನು ಕೂಡಿಸಹೋದರೆ ಹೊಟ್ಟೆಯಲ್ಲಿ ಸ್ಥಳ ಸಾಲದು. ಆಗ ಕೊನೆಗೆ ಉಳಿದು ಬಿಡುವುದು ಬೇಳೆ ಮೊಸರುಗಳೇ, ಎಂದರೆ ಪ್ರೋಟೀನು. ತೂಕ ಇಳಿಯುವಾಗ ಪ್ರೋಟೀನು ಸಾಲದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಹೆಚ್ಚಾಗಿ ಕರಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಶಿಫಾರಸು ದೇಹದ ತೂಕದ ಕಿಲೋ ಒಂದಕ್ಕೆ 0.83 ಗ್ರಾಂ, ಇವರಿಗೆ ಅದು 68 ಗ್ರಾಂ.

ಗೃಹಿಣಿ ಊಟವನ್ನು ಕಡಮೆ ಮಾಡಲಿಲ್ಲ. ನಾಲ್ಕು ಗಂಟೆಗಳ ಮೇಲೆ ಹರಡಿದರು. ಐದೂಕಾಲಕ್ಕೆ ಒಂದೇ ಚಮಚ ಸಕ್ಕರೆಯ ಕಾಫಿ, ಕೋಸಂಬರಿ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ: 360. ಏಳೂವರೆಗೆ ಮುದ್ದೆ, ಅನ್ನ, ಹುಳಿ, ಪಲ್ಯ. ಪಲ್ಯದಲ್ಲಿ 50 ಗ್ರಾಂ ಪನೀರ್ ಸೇರಿತು: 1080. ಎಂಟೂಮುಕ್ಕಾಲಿಗೆ ಮೊಸರು, ಒಂದು ಸೀಬೆಹಣ್ಣು: 250. ಒಟ್ಟು 1690, ಪ್ರೋಟೀನು 65 ಗ್ರಾಮಿನ ಸಮೀಪ. ದೊಡ್ಡ ಊಟ ದೊಡ್ಡದಾಗಿಯೇ ಉಳಿಯಿತು, ತಟ್ಟೆಯೂ ಖಾಲಿಯಾಯಿತು. ಬೆಳಗಿನ ಕಾಫಿಯನ್ನು ಬಿಡುವುದೇ ಯಜಮಾನರಿಗೆ ಎಲ್ಲಕ್ಕಿಂತ ಕಷ್ಟವಾಯಿತಂತೆ. ಹಾಲು, ಸಕ್ಕರೆ ಇಲ್ಲದ ಡಿಕಾಕ್ಷನ್ ಕುಡಿಯಬಹುದಿತ್ತು. ಅದನ್ನು ಅವರು ಕಷಾಯವೆಂದು ಕರೆದು ದೂರವಿಟ್ಟರು.

ಮೂರು ವಾರ ಕಳೆಯಿತು. ದಿನವೂ ಬೆಳಗ್ಗೆ ತೂಗಿ, ವಾರದ ಏಳು ತೂಕಗಳ ಸರಾಸರಿ ತೆಗೆಯುತ್ತಿದ್ದರು. ಉಪ್ಪು ಹೆಚ್ಚಾದ ಮಾರನೆಯ ದಿನ ನೀರು ನಿಂತು ತೂಕ ಒಂದು ಕಿಲೋ ಏರಬಹುದಾದುದರಿಂದ ಒಂದು ದಿನದ ತೂಕ ನಂಬತಕ್ಕದ್ದಲ್ಲ. ಒಂದೂವರೆ ಕಿಲೋದ ಹತ್ತಿರ ಇಳಿಯಬೇಕಾಗಿದ್ದುದು ಮುಕ್ಕಾಲು ಕಿಲೋ ಮಾತ್ರ ಇಳಿದಿತ್ತು. ಪುಸ್ತಕದಲ್ಲಿ ಒಂದು ದಿನವೂ 1700 ದಾಟಿರಲಿಲ್ಲ.

“ನೀವು ಆಫೀಸಿನಲ್ಲಿ ಏನಾದರೂ ತಿನ್ನುತ್ತಿದ್ದೀರೇನ್ರೀ?” ಎಂದು ಗೃಹಿಣಿ ಕೇಳಿದರು.

ಯಜಮಾನರಿಗೆ ಬೇಸರವಾಯಿತು. ಎರಡು ದಿನ ಮಾತು ಕಡಮೆಯಾಯಿತು.

ಸತ್ಯವನ್ನು ಹೇಳಿದ್ದು ತುಪ್ಪದ ಜಾಡಿ. ಆ ಮನೆಯಲ್ಲಿ ಅರ್ಧ ಕಿಲೋ ತುಪ್ಪ ಒಂದು ತಿಂಗಳು ಬರುತ್ತಿತ್ತು. ಈ ಸಲ ಹನ್ನೆರಡೇ ದಿನಕ್ಕೆ ತಳ ಕಂಡಿತು. ಮೊದಲು ದಿನಕ್ಕೆ ಹದಿನೇಳು ಗ್ರಾಂ ಖರ್ಚಾಗುತ್ತಿದ್ದುದು ಈಗ ನಲವತ್ತೆರಡಾಗಿತ್ತು. ಹೆಚ್ಚಿನ 25 ಗ್ರಾಂ ಎಂದರೆ 225 ಕ್ಯಾಲೊರಿ. 500ರ ಕೊರತೆಯಲ್ಲಿ ಸರಿಸುಮಾರು ಅರ್ಧ. ಕಾಣೆಯಾದ ಮುಕ್ಕಾಲು ಕಿಲೋ ಅಲ್ಲಿತ್ತು. ಏಳೂವರೆಗೆ ಬಡಿಸುತ್ತಿದ್ದವರು ಯಜಮಾನರ ತಾಯಿ. ಹುಳಿಯ ಬಟ್ಟಲಿಗೆ ಅವರು ದಿನವೂ ಎರಡು ಚಮಚ ಕಾಯಿಸಿದ ತುಪ್ಪ ಬೆರೆಸುತ್ತಿದ್ದರು. ಅದೂ ಲೆಕ್ಕಕ್ಕೆ ಸೇರಿದ್ದೆಂದೇ ಮಗ ತಿಳಿದಿದ್ದರು.

“ಬೆಳಗಿನಿಂದ ನೀರು ಕುಡಿದುಕೊಂಡಿರೋ ಮಗೂಗೆ ಒಣ ಮುದ್ದೆ ಹಾಕಲೇನಮ್ಮ?” ಎಂದರು ಆಕೆ, ಸೊಸೆಯ ಮುಖ ನೋಡದೆ.

ಜಾಡಿಯ ಈ ಲೆಕ್ಕ ಎಲ್ಲ ಮನೆಗಳಲ್ಲಿಯೂ ನಡೆಯುವಂತಹುದು. ತಿಂಗಳಿಗೆ ಮೂರು ಲೀಟರ್ ಎಣ್ಣೆ ತರುವ ನಾಲ್ವರ ಸಂಸಾರದಲ್ಲಿ ತಲೆಗೆ ದಿನಕ್ಕೆ ಎರಡು ನೂರು ಕ್ಯಾಲೊರಿ ಎಣ್ಣೆಯಿಂದಲೇ ಬರುತ್ತದೆ. ಪುಸ್ತಕದಲ್ಲಿ ಎಂಬತ್ತೇ ಇದ್ದರೆ ಎಲ್ಲಿಯೋ ಚಮಚ ತುಂಬಿ ಹರಿಯುತ್ತಿದೆ ಎಂದರ್ಥ. ಜಿಡ್ಡನ್ನು ಚಮಚದಲ್ಲಿ ಅಳೆಯುವುದಕ್ಕಿಂತ ಬಾಣಲೆಯನ್ನು ತಕ್ಕಡಿಯ ಮೇಲಿಟ್ಟು ಸುರಿಯುವುದು ಲೇಸು.

ಈ ಪದ್ಧತಿ ಎಲ್ಲರಿಗೂ ಹೊಂದತಕ್ಕದ್ದಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ರಕ್ತದ ಸಕ್ಕರೆಯನ್ನು ಇಳಿಸುವ ಕೆಲವು ಬಗೆಯ ಮಾತ್ರೆಗಳನ್ನು ನುಂಗುವವರು ವೈದ್ಯರು ಔಷಧದ ಪ್ರಮಾಣವನ್ನು ಬದಲಾಯಿಸದ ಹೊರತು ಇಪ್ಪತ್ತು ಗಂಟೆ ಹಸಿದಿರಬಾರದು. ಕೈ ನಡುಗಿ, ಬೆವರಿ, ಮಂಪರು ಕವಿಯುವುದು ಸಕ್ಕರೆ ಕುಸಿದುದರ ಲಕ್ಷಣ, ಆಗ ಗಡಿಯಾರ ನೋಡದೆ ಸಕ್ಕರೆ ತಿನ್ನಬೇಕು. ಗರ್ಭಿಣಿಯರಿಗೆ, ಎಳೆಗೂಸಿಗೆ ಹಾಲೂಡುವವರಿಗೆ, ಬೆಳೆಯುವ ಮಕ್ಕಳಿಗೆ ಇದು ಸಲ್ಲದು.

ಆ ಮನೆಯಲ್ಲಿ ತುಪ್ಪವನ್ನು ನಿಲ್ಲಿಸಲಿಲ್ಲ. ಒಂದು ಸಣ್ಣ ಚಮಚ, ಎಂದರೆ 5 ಗ್ರಾಂ, 45 ಕ್ಯಾಲೊರಿ. ಅದರ ಬೆಲೆ 13 ಗ್ರಾಂ ಅಕ್ಕಿ. ಈಗ ಅಕ್ಕಿಯನ್ನು 60ರ ಬದಲು 47 ಗ್ರಾಂ ತೂಗಿ ತೊಳೆಯುವವರು ಅತ್ತೆಯೇ. ಶುಕ್ರವಾರ ಪಾಯಸ ಮಾಡಬೇಕೆಂದು ತೋರಿದರೆ ಬೆಳಗ್ಗೆಯೇ ಸೊಸೆಯನ್ನು ಕೂಗಿ, “ಅರ್ಧ ಬಟ್ಟಲಿಗೆ ಏನೇನು ಬಿಡಬೇಕು, ಹೇಳಿಬಿಡಮ್ಮ” ಎನ್ನುತ್ತಾರೆ. ಮುಂದಿನ ನಾಲ್ಕು ವಾರಗಳಲ್ಲಿ ಯಜಮಾನರ ತೂಕ 1.8 ಕಿಲೋ ಇಳಿಯಿತು.