ಕರೆ ತಿರುಗಿಸುವ ಕೋಡ್: ಮುಚ್ಚಬೇಕೇ, ಉಳಿಸಬೇಕೇ?

*401# ಒತ್ತಿ ಕರೆ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ, ಮುಂದಿನ ಆದೇಶದವರೆಗೆ ನಿಲ್ಲಿಸಿ ಎಂದು ಕೇಂದ್ರದ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತು. ಬೇಕಾದವರು ಬೇರೆ ದಾರಿಯಲ್ಲಿ ಅದನ್ನು ಮತ್ತೆ ಶುರು ಮಾಡಿಕೊಳ್ಳಬಹುದಿತ್ತು.

ಇದರಿಂದ ತೊಂದರೆ ಯಾರಿಗೆ? ಅಗಡಿಯಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದ ರೈತನನ್ನು ನೆನೆಯಿರಿ. ಕೀಪ್ಯಾಡ್ ಫೋನಿನ ಚಾರ್ಜ್ ಮುಗಿದಿದೆ, ದಲಾಲರ ಕರೆ ಮಗನ ಫೋನಿಗಾದರೂ ಹೋಗಬೇಕು. ಇಂಟರ್ನೆಟ್ ಇಲ್ಲದೆಯೂ ಹೀಗೆ ಮೊದಲೇ ಮಾಡಿಡಲು ಕೋಡ್ ಸಾಕು. ಆ ಅನುಕೂಲ ಸಣ್ಣದಲ್ಲ.

ಆದರೆ ವಂಚಕನಿಗೂ ಅದೇ ಬೇಕು. ‘ನಿಮ್ಮ ಪಾರ್ಸೆಲ್ ಬಂದಿದೆ, ಖಾತ್ರಿಗೆ ಈ ನಂಬರ್ ಒತ್ತಿ’ ಎನ್ನುತ್ತಾನೆ. ಒತ್ತಿಸುವುದು *21*, ನಂತರ ಅವನದೇ ಮೊಬೈಲ್ ನಂಬರ್, ಕೊನೆಗೆ #. ಅಲ್ಲಿಂದ ನಮ್ಮ ಫೋನ್ ರಿಂಗ್ ಆಗುವುದೇ ಇಲ್ಲ, ಎಲ್ಲ ಕರೆಯೂ ಅವನಿಗೆ. ಎಸ್‌ಎಂಎಸ್ ಮಾತ್ರ ನಮಗೇ ಬರುತ್ತದೆ. ಅದಕ್ಕೇ ಅವನು ವಾಟ್ಸ್ಆ್ಯಪ್‌ನ ಒಟಿಪಿಯನ್ನು ಕರೆಯ ಮೂಲಕ ಕೇಳಿಸಿಕೊಂಡು ಖಾತೆಯೊಳಗೆ ನುಗ್ಗುತ್ತಾನೆ, ಆಮೇಲೆ ನೆಂಟರಿಗೆ ‘ಅರ್ಜೆಂಟ್ ದುಡ್ಡು ಬೇಕು’ ಎಂಬ ಸಂದೇಶ ಹೋಗುತ್ತದೆ. ವಾಟ್ಸ್ಆ್ಯಪ್‌ಗೆ ಎರಡು ಹಂತದ ಪಿನ್ ಇಟ್ಟವರ ಖಾತೆ ಇಷ್ಟಕ್ಕೇ ಅವನ ಕೈಗೆ ಸಿಗುವುದಿಲ್ಲ.

ಫೋನ್ ರಿಸ್ಟಾರ್ಟ್ ಮಾಡಿದರೆ, ಹೊಸ ಫೋನಿಗೆ ಸಿಮ್ ಹಾಕಿದರೆ ಇದು ಹೋಗದು. ಫಾರ್ವರ್ಡ್ ಇರುವುದು ಫೋನಿನಲ್ಲಲ್ಲ, ಕಂಪನಿಯ ನೆಟ್‌ವರ್ಕ್‌ನಲ್ಲಿ. ಅಲ್ಲಿ ಏನಿದೆಯೆಂದು ಕೇಳುವ ಕೋಡ್‌ಗಳು ಇವು:

```
*#21#
*#67#
*#61#
*#62#
```

ಮೊದಲನೆಯದು ಎಲ್ಲ ಕರೆಗಳ ಸ್ಥಿತಿ ಹೇಳುತ್ತದೆ. ಉಳಿದವು ಲೈನ್ ಬಿಜಿಯಿದ್ದಾಗ, ಎತ್ತದಿದ್ದಾಗ, ಫೋನ್ ಸ್ವಿಚ್ ಆಫ್ ಅಥವಾ ನೆಟ್‌ವರ್ಕ್ ಹೊರಗಿದ್ದಾಗ ಕರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು. *#21# ಕೇಳಿದಾಗ ಗುರುತಿಲ್ಲದ ನಂಬರ್ ಬಂದರೆ ಅದು ಅಪಾಯದ ಸೂಚನೆ. *#62#ಗೆ ಬರುವ ನಂಬರ್ ಎಷ್ಟೋ ಸಲ ಕಂಪನಿಯದೇ ವಾಯ್ಸ್‌ಮೇಲ್ ಅಥವಾ ಮಿಸ್ಡ್ ಕಾಲ್ ಅಲರ್ಟ್‌ನದು, ಕಸ್ಟಮರ್ ಕೇರ್‌ನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಈ ಕೋಡ್‌ಗಳಿಂದ ಫೋನ್ ಕದ್ದಾಲಿಕೆ ಪತ್ತೆಯಾಗುತ್ತದೆ ಎಂಬುದು ಸುಳ್ಳು. ಎಲ್ಲವನ್ನೂ ರದ್ದು ಮಾಡಲು ##002# ಇದೆ, ಮಿಸ್ಡ್ ಕಾಲ್ ಅಲರ್ಟ್ ಕೂಡ ಅದರಿಂದ ನಿಲ್ಲಬಹುದು. ಕೆಲವು ಕಂಪನಿಗಳಲ್ಲಿ ಕೋಡ್ ನಡೆಯದು, ಆಗ ಫೋನಿನ ಕಾಲ್ ಸೆಟ್ಟಿಂಗ್ಸ್ ನೋಡಬೇಕು, ಇಲ್ಲವೇ ಕಸ್ಟಮರ್ ಕೇರ್‌ಗೆ ಹೇಳಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನನ್ನ ಪ್ರಕಾರ ಇಡೀ ಸೌಲಭ್ಯವನ್ನೇ ಮುಚ್ಚಿದರೆ ರೈತನಿಗೆ ನಷ್ಟ, ಹಾಗೇ ಬಿಟ್ಟರೆ ಅವನ ನೆಂಟರಿಗೆ ನಷ್ಟ. ಎತ್ತದಿದ್ದಾಗ, ಸಿಗದಿದ್ದಾಗ ತಿರುಗುವುದು ಕೋಡ್‌ನಿಂದಲೇ ನಡೆಯಲಿ, ಅದರಲ್ಲೂ ಮೋಸ ಸಾಧ್ಯವಾದರೂ ಫೋನ್ ಒಮ್ಮೆಲೇ ಮೌನವಾಗುವುದಿಲ್ಲ. ಎಲ್ಲ ಕರೆಗಳನ್ನೂ ತಿರುಗಿಸುವುದಕ್ಕೆ ಮಾತ್ರ ಕಂಪನಿ ಒಂದು ದಿನ ಕಾದು, ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿ, ಗ್ರಾಹಕ ಹೌದೆಂದ ಮೇಲೆ ಜಾರಿ ಮಾಡಲಿ.