ಹವ್ಯಾಸದ ಸಾಲು: ಬಯೋಡಾಟಾದಲ್ಲಿ ಯಾವಾಗ ಬೇಕು, ಯಾವಾಗ ಬೇಡ

ನಮ್ಮ ಬ್ಯಾರಿ ಮನೆಗಳಲ್ಲಿ ಬಯೋಡಾಟಾ ಎಂಬ ಹೆಸರಿನ ಎರಡು ಕಾಗದಗಳಿರುತ್ತವೆ. ಒಂದು ಮದುವೆಗೆ, ಇನ್ನೊಂದು ಕೆಲಸಕ್ಕೆ. ಹೆಚ್ಚಿನ ಮನೆಗಳಲ್ಲಿ ಎರಡನೆಯದು ಮೊದಲನೆಯದರ ನಕಲು. ಬಾಪನ ಹೆಸರು, ಊರು, ಎತ್ತರ, ಓದು, ಕೊನೆಯಲ್ಲಿ "ಹವ್ಯಾಸಗಳು: ಓದುವುದು, ಕ್ರಿಕೆಟ್, ಪ್ರವಾಸ". ಮದುವೆಯ ಕಾಗದದಲ್ಲಿ ಆ ಸಾಲಿಗೆ ಅರ್ಥವಿದೆ. ಹುಡುಗಿಯ ಮನೆಯವರಿಗೆ ಹುಡುಗನ ಸ್ವಭಾವ ತಿಳಿಯಬೇಕು. ಆದರೆ ಕೆಲಸ ಕೊಡುವವನು ನಮ್ಮ ಸ್ವಭಾವ ಕೇಳುತ್ತಿಲ್ಲ. ಅವನ ಪ್ರಶ್ನೆ ಒಂದೇ: ಈ ಮನುಷ್ಯನಿಂದ ನನ್ನ ಕೆಲಸ ಆಗುತ್ತದೆಯೇ? ಹವ್ಯಾಸದ ಸಾಲು ಆ ಪ್ರಶ್ನೆಗೆ ಉತ್ತರದ ಒಂದು ತುಂಡನ್ನಾದರೂ ಕೊಟ್ಟರೆ ಇರಲಿ, ಕೊಡದಿದ್ದರೆ ತೆಗೆಯಿರಿ ಎಂಬುದು ನನ್ನ ಅಭಿಪ್ರಾಯ. ಹೇಳುವುದು ಸುಲಭ, ಆದರೆ ಯಾವುದು ಉತ್ತರ ಕೊಡುತ್ತದೆ ಎಂದು ಗುರುತಿಸುವುದರಲ್ಲಿ ನಾವು ತಪ್ಪುತ್ತೇವೆ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಊರಿನಲ್ಲಲ್ಲ, ಸೊಲ್ಲಾಪುರದಲ್ಲಿ. ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಸರಕಾರದ ಕಾಗದವೆಲ್ಲ ಮರಾಠಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು ಎಂದು ಬೆಳೆದ ನಮಗೆ ಆ ಬದುಕು ಹೊಸದಲ್ಲ. ಅಲ್ಲಿ ಪರಿಚಯವಾದ ಸಲಗರ ಬುದ್ರುಕದ ಒಬ್ಬ ಪದವೀಧರ ಹುಡುಗ ತನ್ನ ಬಯೋಡಾಟಾ ನೋಡಿಕೊಡಿ ಎಂದು ಬಂದ. ಹಳ್ಳಿಗಳಲ್ಲಿ ಸಾಲ ಕೊಡುವ ಒಂದು ಸಂಸ್ಥೆಗೆ ಕ್ಷೇತ್ರಾಧಿಕಾರಿ ಬೇಕಾಗಿತ್ತು. ಗಡಿಯ ಹಳ್ಳಿಗಳಲ್ಲಿ ಬೈಕಿನಲ್ಲಿ ತಿರುಗಿ, ರೈತರ ಕಾಗದ ನೋಡಿ, ಸಾಲದ ಅರ್ಜಿ ತಯಾರಿಸುವ ಕೆಲಸ.

ಅವನ ಕೊನೆಯ ಸಾಲು ಹೀಗಿತ್ತು: "ಹವ್ಯಾಸಗಳು: ಓದು, ಸಂಗೀತ ಕೇಳುವುದು, ಕುಸ್ತಿ, ಪ್ರವಾಸ". ಇವುಗಳಲ್ಲಿ ಯಾವುದು ನಿಜ ಎಂದು ಕೇಳಿದೆ. ಕುಸ್ತಿ ಒಂದೇ ನಿಜ ಎಂದ. ಆದರೆ ಹಿಂದಿನ ಒಂದು ಸಂದರ್ಶನದಲ್ಲಿ ಆ ಪದವೇ ಅವನಿಗೆ ತೊಡಕಾಗಿತ್ತು. ಎದುರಿಗಿದ್ದವರಿಗೆ ಕುಸ್ತಿಯ ಮೇಲೆ ಪ್ರೀತಿ. ಪಟ್ಟು, ಜಾತ್ರೆ, ಆಹಾರ ಎಂದು ಹತ್ತು ನಿಮಿಷ ನಗುನಗುತ್ತಾ ಮಾತಾಡಿದರು, ಕೆಲಸದ ಬಗ್ಗೆ ಎರಡೇ ಪ್ರಶ್ನೆ ಕೇಳಿದರು, ಮತ್ತೆ ಕರೆಯಲಿಲ್ಲ. ಹುಡುಗ ಸಂದರ್ಶನ ಚೆನ್ನಾಗಿ ಆಯಿತು ಎಂದುಕೊಂಡೇ ಮನೆಗೆ ಬಂದಿದ್ದ. ಹವ್ಯಾಸ ದಾರಿ ತಪ್ಪಿಸಿತು ಎಂದು ತಿಳಿಯುವ ಗುರುತು ಇದೇ. ಮಾತುಕತೆ ಸೊಗಸಾಗಿರುತ್ತದೆ, ಆದರೆ ಎದ್ದು ಬರುವಾಗ ನಿಮ್ಮ ಕೆಲಸದ ಬಗ್ಗೆ ಅವರಿಗೆ ಹೊಸದೇನೂ ಗೊತ್ತಾಗಿರುವುದಿಲ್ಲ.

ಬಿಡುವಿನ ದಿನ ಏನು ಮಾಡುತ್ತೀ ಎಂದು ಕೇಳಿದೆ. "ಅದೇನ್ರೀ ದೊಡ್ಡ ಕೆಲಸ? ಐತವಾರ ಮನ್ಯಾಗ ಇರ್ತೀನಿ. ವಯಸ್ಸಾದ ಮಂದಿ ಕಾಗದ ಹಿಡಕೊಂಡು ಬರ್ತಾರ, ಓದಿ ಹೇಳ್ತೀನಿ" ಎಂದ. ಯಾವ ಕಾಗದ? ಸಾತಬಾರಾ ಉತಾರ, ಅಂದರೆ ಮಹಾರಾಷ್ಟ್ರದ ಪಹಣಿ, ಬೆಳೆ ವಿಮೆಯ ಅರ್ಜಿ, ಬ್ಯಾಂಕಿನ ನೋಟಿಸು. ಮರಾಠಿ ಓದಲು ಬಾರದ ಹಿರಿಯರಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಎಷ್ಟು ವರ್ಷದಿಂದ? ನಾಲ್ಕು. ವಾರಕ್ಕೆ ಎಷ್ಟು ಮಂದಿ? ಐದಾರು.

ಆ ಕೆಲಸಕ್ಕೆ ಬೇಕಾದದ್ದೆಲ್ಲ ಇದರಲ್ಲಿತ್ತು. ಹುಡುಗ ಅದನ್ನು ಬರೆದೇ ಇರಲಿಲ್ಲ, ಅವನ ಲೆಕ್ಕದಲ್ಲಿ ಅದು ಹವ್ಯಾಸವೇ ಆಗಿರಲಿಲ್ಲ. ನಾಲ್ಕು ಪದಗಳ ಆ ಸಾಲನ್ನು ಹೊಡೆದು ಹೀಗೆ ಬರೆದೆವು: "ನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ ಊರಿನ ಐದಾರು ರೈತರಿಗೆ ಮರಾಠಿಯ ಸಾತಬಾರಾ ಉತಾರ ಮತ್ತು ಬೆಳೆ ವಿಮೆ ಅರ್ಜಿಗಳನ್ನು ಕನ್ನಡದಲ್ಲಿ ಓದಿ ವಿವರಿಸುತ್ತೇನೆ." ಸಂದರ್ಶನದಲ್ಲಿ ಕೇಳಿದರಂತೆ: ಜಮೀನಿನ ಮೇಲೆ ಈಗಾಗಲೇ ಸಾಲವಿದೆಯೇ ಎಂದು ಉತಾರದಲ್ಲಿ ಎಲ್ಲಿ ನೋಡುತ್ತೀ? "ಇತರ ಹಕ್ಕ" ಎಂಬ ಕಾಲಮಿನಲ್ಲಿ ಎಂದ. ಅಲ್ಲಿಂದ ಮಾತು ಪೂರ್ತಿ ಕೆಲಸದ ಮೇಲೆಯೇ ನಡೆಯಿತು. ಅವನಿಗೆ ಕೆಲಸ ಸಿಕ್ಕಿದ್ದು ಆ ಒಂದು ಸಾಲಿನಿಂದಲೇ ಎಂದು ನಾನು ಹೇಳುವುದಿಲ್ಲ. ಮಾತು ಸರಿಯಾದ ಕಡೆ ತಿರುಗಿದ್ದು ಅದರಿಂದ. ಇದೇ ಹುಡುಗ ಪೊಲೀಸ್ ಭರ್ತಿಗೋ ವ್ಯಾಯಾಮ ಶಿಕ್ಷಕನ ಕೆಲಸಕ್ಕೋ ಹೋಗಿದ್ದರೆ ಕುಸ್ತಿ ಉಳಿಯಬೇಕಿತ್ತು, ಗೆದ್ದ ಸ್ಪರ್ಧೆ ಮತ್ತು ಪ್ರಮಾಣಪತ್ರದ ಜೊತೆಗೆ. ಹವ್ಯಾಸ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ ಪ್ರಶ್ನೆ. ಯಾರು ಓದುತ್ತಾರೆ ಎಂಬುದು ಪ್ರಶ್ನೆ.

ಈ ಸಾಲು ನಾವು ಬರೆಯದ ಸಂಗತಿಗಳನ್ನೂ ಹೇಳಿಬಿಡುತ್ತದೆ. ಲಾರೆನ್ ರಿವೆರಾ ಮತ್ತು ಆಂಡ್ರಾಸ್ ಟಿಲ್ಚಿಕ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಅಮೆರಿಕದಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಕಾನೂನು ವಿದ್ಯಾರ್ಥಿಗಳ ಹೆಸರಿನಲ್ಲಿ 316 ವಕೀಲಿ ಕಚೇರಿಗಳಿಗೆ ಅರ್ಜಿ ಕಳಿಸಿದರು. ಓದು, ಅಂಕ, ಅನುಭವ ಎಲ್ಲ ಒಂದೇ. ಬದಲಿಸಿದ್ದು ಹೆಸರು, ಹವ್ಯಾಸ, ಮತ್ತೆ ಕೆಲವು ಸಣ್ಣ ಸುಳಿವು. ಕೆಲವರಿಗೆ ಹಾಯಿದೋಣಿ, ಪೋಲೋ, ಶಾಸ್ತ್ರೀಯ ಸಂಗೀತ. ಕೆಲವರಿಗೆ ಓಟ, ಬೀದಿ ಫುಟ್‌ಬಾಲ್, ಹಳ್ಳಿ ಹಾಡು. ಸಿರಿವಂತ ಹವ್ಯಾಸದ ಗಂಡಸರಲ್ಲಿ ನೂರಕ್ಕೆ 16 ಮಂದಿಗೆ ಸಂದರ್ಶನದ ಕರೆ ಬಂತು, ಸಾಮಾನ್ಯ ಹವ್ಯಾಸದ ಗಂಡಸರಲ್ಲಿ ಸುಮಾರು ಒಬ್ಬನಿಗೆ. ಅದೇ ಸಿರಿವಂತ ಹವ್ಯಾಸ ಹೆಣ್ಣಿನ ಹೆಸರಿನಡಿ ಇದ್ದಾಗ ಕರೆ ಬಂದದ್ದು ನೂರಕ್ಕೆ ನಾಲ್ಕಕ್ಕೂ ಕಡಿಮೆ. ಇಂಥ ಮನೆಯ ಹುಡುಗಿ ಮದುವೆ, ಮಕ್ಕಳು ಎಂದು ಕೆಲಸ ಬಿಟ್ಟಾಳು ಎಂಬ ಅನುಮಾನ ಓದುವವರಲ್ಲಿ ಹುಟ್ಟುತ್ತಿತ್ತು ಎಂದು ಅವರು ಕಂಡುಕೊಂಡರು.

ಅಮೆರಿಕದ ವಕೀಲಿ ಕಚೇರಿ ನಮ್ಮ ಲೋಕವಲ್ಲ, ಆ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆದರೆ ಆ ಅನುಮಾನ ನಮಗೆ ಗೊತ್ತಿರುವುದೇ. ಹೆಣ್ಣುಮಕ್ಕಳ ಬಯೋಡಾಟಾದಲ್ಲಿ "ಹವ್ಯಾಸ: ಕೇಕ್ ಮಾಡುವುದು, ಮೆಹಂದಿ" ಎಂದು ನೋಡುತ್ತೇವೆ. ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಹಾಕಿದವಳ ಕಾಗದದಲ್ಲಿ ಅದನ್ನು ಓದಿದವನು ಅವಳನ್ನು ಅಡುಗೆಮನೆಗೆ ಸೇರಿಸಿಬಿಡುತ್ತಾನೆ. ಅವಳು ನಿಜಕ್ಕೂ ಎರಡು ವರ್ಷ ಮನೆಯಿಂದ ಕೇಕ್ ಮಾರಿದ್ದರೆ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆರ್ಡರ್ ಹಿಡಿದು, ಖರ್ಚು-ಲಾಭ ಬರೆದಿಟ್ಟಿದ್ದರೆ, ಅದನ್ನು ಹವ್ಯಾಸದಿಂದ ಎತ್ತಿ ಅನುಭವದ ಭಾಗಕ್ಕೆ ಹಾಕಬೇಕು. ಹಣ ಬಂದ, ಲೆಕ್ಕ ಇಟ್ಟ ಕೆಲಸ ಹವ್ಯಾಸವಲ್ಲ. ನಮ್ಮ ಹೆಣ್ಣುಮಕ್ಕಳ ದುಡಿಮೆಯನ್ನು ನಾವೇ ಹವ್ಯಾಸ ಎಂದು ಕರೆದು ಸಣ್ಣದು ಮಾಡುತ್ತಿದ್ದೇವೆ.

ಇನ್ನೊಂದು ವಿಷಯವನ್ನು ನಮ್ಮೊಳಗೆ ಮೆಲ್ಲಗೆ ಮಾತಾಡುತ್ತೇವೆ. ಜಮಾಅತಿನ ಕೆಲಸ, ದಫ್ ತಂಡ, ಮದ್ರಸದ ಮಕ್ಕಳಿಗೆ ಪಾಠ ಇವನ್ನು ಬರೆಯಬೇಕೇ? ಕೆಲವು ಹಿರಿಯರು ಬೇಡವೇ ಬೇಡ ಎನ್ನುತ್ತಾರೆ, ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತ್ತು. ನಮ್ಮ ದೇಶದ ಖಾಸಗಿ ಕಂಪೆನಿಗಳಿಗೆ ಒಂದೇ ಅರ್ಹತೆಯ ಅರ್ಜಿ ಹೋದಾಗ, ಮೇಲ್ಜಾತಿಯ ಹಿಂದೂ ಹೆಸರಿಗಿಂತ ಮುಸ್ಲಿಂ ಹೆಸರಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು. ಆದರೆ ಆ ತಡೆ ಹೆಸರಿನ ಸಾಲಿನಲ್ಲೇ ಇದೆ, ಹೆಸರನ್ನು ನಾವು ಅಡಗಿಸುವಂತಿಲ್ಲ, ಅಡಗಿಸಬೇಕಾಗಿಯೂ ಇಲ್ಲ. ಕೊನೆಯ ಸಾಲನ್ನು ಖಾಲಿ ಬಿಟ್ಟರೆ ಹೆಸರು ಬದಲಾಗುವುದಿಲ್ಲ, ಮಾಡಿದ ಕೆಲಸ ಮಾತ್ರ ಮರೆಯಾಗುತ್ತದೆ.

ನನ್ನ ಸಲಹೆ ಇಷ್ಟು: ಹುದ್ದೆಯ ಹೆಸರನ್ನಲ್ಲ, ಮಾಡಿದ್ದನ್ನು ಬರೆಯಿರಿ. "ಯುವಕರ ಸಮಿತಿ ಕಾರ್ಯದರ್ಶಿ" ಎಂದರೆ ಹೊರಗಿನವನಿಗೆ ಏನೂ ತಿಳಿಯುವುದಿಲ್ಲ. ಖಾಲಿ ಜಾಗವನ್ನು ಅವನು ತನ್ನ ಊಹೆಯಿಂದ ತುಂಬಿಕೊಳ್ಳುತ್ತಾನೆ. "ಮೂರು ರಂಝಾನ್‌ಗಳಲ್ಲಿ ಪ್ರತಿ ಸಂಜೆ ಇನ್ನೂರು ಮಂದಿಯ ಇಫ್ತಾರಿಗೆ ಖರೀದಿ ಮತ್ತು ಲೆಕ್ಕ ನೋಡಿಕೊಂಡೆ" ಎಂದರೆ ಖರೀದಿ ವಿಭಾಗದವನಿಗೆ, ಹೋಟೆಲಿನವನಿಗೆ ಅರ್ಥವಾಗುತ್ತದೆ. ಸಾಫ್ಟ್‌ವೇರ್ ಪರೀಕ್ಷಕನ ಕೆಲಸಕ್ಕೆ ಇದು ಬೇಕಿಲ್ಲ. ಅಲ್ಲಿ ಅದನ್ನು ತೆಗೆಯುವುದು ನಾಚಿಕೆಯಿಂದಲ್ಲ, ಕುಸ್ತಿಯನ್ನು ತೆಗೆದ ಕಾರಣಕ್ಕೇ.

ಗಲ್ಫಿಗೆ ಕಳಿಸುವ ಕಾಗದದಲ್ಲಂತೂ ಜಾಗಕ್ಕೆ ಬೆಲೆಯಿದೆ. ಅಲ್ಲಿ ಓದುವವನು ಮೊದಲು ಹುಡುಕುವುದು ವೀಸಾ ಯಾವುದು, ಆ ದೇಶದ ಚಾಲನಾ ಪರವಾನಗಿ ಇದೆಯೇ, ಯಾವಾಗ ಸೇರಬಲ್ಲ ಎಂಬುದನ್ನು. ಹತ್ತು ವರ್ಷ ಅನುಭವವಿರುವ ಕಾಕನ ಬಯೋಡಾಟಾದಲ್ಲಿ ಈ ಮೂರೂ ಇಲ್ಲದೆ "ಹವ್ಯಾಸ: ಈಜು" ಎಂದಿದ್ದರೆ, ಈಜನ್ನು ತೆಗೆದು ಈ ಮೂರನ್ನು ಹಾಕಿ. ಅನುಭವ ಹೆಚ್ಚಿದಂತೆ ಹವ್ಯಾಸದ ಕೆಲಸ ಕಡಿಮೆ. ಅದು ಹೆಚ್ಚು ಉಪಯೋಗಕ್ಕೆ ಬರುವುದು ಅನುಭವದ ಜಾಗ ಖಾಲಿಯಿರುವ ಹೊಸಬರಿಗೆ.

ಹವ್ಯಾಸವನ್ನು ಅವರೇ ಕೇಳುವ ಜಾಗವೂ ಒಂದಿದೆ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ವಿವರವಾದ ಅರ್ಜಿಯಲ್ಲಿ ಹವ್ಯಾಸದ ಕಾಲಮಿದೆ. 275 ಅಂಕಗಳ ಸಂದರ್ಶನದಲ್ಲಿ ಆ ಅರ್ಜಿಯ ವಿವರ ಮಂಡಳಿಯ ಮುಂದಿರುತ್ತದೆ. ಅಲ್ಲಿ "ಓದು" ಎಂದು ಬರೆದವನನ್ನು ಈಚೆಗೆ ಓದಿದ ಪುಸ್ತಕ ಯಾವುದು, ಅದರಲ್ಲಿ ಯಾವುದನ್ನು ನೀನು ಒಪ್ಪುವುದಿಲ್ಲ ಎಂದು ಕೇಳಿಯಾರು. ತಡವರಿಸಿದರೆ ಅರ್ಜಿಯ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಅಲುಗುತ್ತದೆ.

ಆದ್ದರಿಂದ ಕಳಿಸುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಆ ಸಾಲನ್ನು ಉಮ್ಮನಿಗೋ ತಂಗಿಗೋ ಓದಿ ಹೇಳಿ, ಮೂರು ಪ್ರಶ್ನೆ ಕೇಳಲು ಹೇಳಿ: ಎಷ್ಟು ಕಾಲದಿಂದ? ಕಳೆದ ತಿಂಗಳು ಏನು ಮಾಡಿದೆ? ಈ ಕೆಲಸಕ್ಕೆ ಅದರಿಂದ ಏನು ಉಪಯೋಗ? ಮೊದಲ ಎರಡಕ್ಕೆ ಉತ್ತರವಿಲ್ಲದಿದ್ದರೆ ಅದು ನಿಮ್ಮ ಹವ್ಯಾಸವಲ್ಲ. ಮೂರನೆಯದಕ್ಕೆ ಇಲ್ಲದಿದ್ದರೆ ಅದು ನಿಮ್ಮದೇ, ಆದರೆ ಈ ಕಾಗದದ್ದಲ್ಲ. ಸಲಗರದ ಹುಡುಗ ಈಗಲೂ ಜಾತ್ರೆಯಲ್ಲಿ ಅಖಾಡಕ್ಕೆ ಇಳಿಯುತ್ತಾನೆ.