ಪ್ರಸ್ತಾರದ ಗೆರೆ, ಹಿಂಪುಟದ ಶಾಯಿ: ಛಾಯಾಚಿತ್ರದ ಉತ್ತರಪುಟವನ್ನು ಓದುವ ಬಗೆ

ಛಂದಸ್ಸಿನ ಪ್ರಶ್ನೆಗೆ ಉತ್ತರಿಸುವ ವಿದ್ಯಾರ್ಥಿಗಳಲ್ಲಿ ಹಲವರು ಪದ್ಯದ ಪಾದವನ್ನು ಪೆನ್ನಿನಿಂದ ಬರೆದು, ಅದರ ನೆತ್ತಿಯ ಮೇಲೆ ಗುರುಲಘುಗಳನ್ನು ಪೆನ್ಸಿಲಿನಿಂದ ಗುರುತಿಸುತ್ತಾರೆ. ಎಣಿಕೆ ತಪ್ಪಿದರೆ ಅಳಿಸಿ ತಿದ್ದಬಹುದೆಂಬ ಅನುಕೂಲವೇ ಇದಕ್ಕೆ ಕಾರಣ. ಉತ್ತರಪತ್ರಿಕೆ ಅಧ್ಯಾಪಕರ ಕೈಯಲ್ಲಿಯೇ ಇದ್ದಾಗ ಈ ಕ್ರಮದಿಂದ ಬಾಧಕವಿರಲಿಲ್ಲ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎಷ್ಟೇ ತೆಳುವಾದ ಗೆರೆಯೂ ಕಾಣುತ್ತಿತ್ತು. 2020ರ ಕೋವಿಡ್ ಕಾಲದಲ್ಲಿ ಮನೆಯಲ್ಲಿ ಬರೆದ ಪುಟಗಳು ಮೊಬೈಲ್ ಚಿತ್ರಗಳಾಗಿ ಬರತೊಡಗಿದಾಗ ಈ ಅನುಕೂಲ ತಪ್ಪಿತು. ಚಿತ್ರವನ್ನು ಓರೆ ಹಿಡಿಯಲಾಗದು, ಮಗುಚಲೂ ಆಗದು. ಹೀಗಿದ್ದೂ ಅಂತಹ ಪುಟಕ್ಕೆ ಅಂಕ ನೀಡುವಾಗ ಕಂಡದ್ದೇ ಬರೆದದ್ದು ಎಂಬ ನಂಬಿಕೆಯಿಂದಲೇ ಮುಂದುವರಿಯಲಾಗುತ್ತಿದೆ. ಈ ನಂಬಿಕೆ ಮರುಪರಿಶೀಲನೆಗೆ ಅರ್ಹವಾಗಿದೆ.

ಹಿಂಪುಟದ ಬರಹ ಮುಂಪುಟದಲ್ಲಿ ಕಾಣಲು ಎರಡು ಬೇರೆ ಬೇರೆ ಕಾರಣಗಳಿವೆ. ಹಾಳೆ ತೆಳುವಾಗಿದ್ದು ಬೆಳಕು ಅದರ ಮೂಲಕ ಹಾಯುವುದರಿಂದ ಹಿಂದಿನ ಅಕ್ಷರ ನೆರಳಿನಂತೆ ತೋರುವುದು ಒಂದು. ಚಿತ್ರ ತೆಗೆಯುವಾಗ ಹಾಳೆಯ ಅಡಿಗೆ ಕಪ್ಪು ಕಾಗದವನ್ನಿಟ್ಟರೆ ಈ ನೆರಳು ಬಹುಮಟ್ಟಿಗೆ ಅಡಗುತ್ತದೆ. ಶಾಯಿಯೇ ಕಾಗದದ ನಾರುಗಳೊಳಗೆ ಇಳಿದು ಈಚೆ ಬದಿಗೆ ಹಾಯ್ದಿರುವುದು ಇನ್ನೊಂದು. ಇದು ಕಪ್ಪು ಕಾಗದಕ್ಕೆ ಬಗ್ಗುವುದಿಲ್ಲ. ನೀರಿನಂಶದ ಶಾಯಿಯುಳ್ಳ ಇಂಕ್ ಪೆನ್ನು, ಜೆಲ್ ಪೆನ್ನುಗಳಲ್ಲಿ ಇದು ಹೆಚ್ಚು, ಎಣ್ಣೆಯಂಶದ ಬಾಲ್ ಪೆನ್ನಿನಲ್ಲಿ ಕಡಿಮೆ. ಪೆನ್ಸಿಲಿನ ತೊಡಕು ಬೇರೆಯದು. ಅದರ ಗ್ರಾಫೈಟ್ ಹೊಳೆಯುವ ವಸ್ತು. ಮೊಬೈಲಿನ ಫ್ಲಾಶ್ ನೇರವಾಗಿ ಬಿದ್ದರೆ ಗೆರೆಯೂ ಬೆಳಕನ್ನು ಮರಳಿಸಿ ಕಾಗದದಷ್ಟೇ ಬೆಳ್ಳಗಾಗುತ್ತದೆ. ಕಿಟಕಿಯ ಪಕ್ಕದ ಬೆಳಕಿನಲ್ಲಿ ಫ್ಲಾಶ್ ಇಲ್ಲದೆ ತೆಗೆದ ಚಿತ್ರದಲ್ಲಿ ಅದೇ ಗೆರೆ ಉಳಿದಿರುತ್ತದೆ.

ಇಳಿದುಬಂದ ಶಾಯಿಯನ್ನು ಗುರುತಿಸುವುದು ಸುಲಭವೆಂದೂ, ಅದು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆಯೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ಅಕ್ಷರಗಳ ಮಟ್ಟಿಗೆ ಇದು ನಿಜ. ತಿರುಗಿದ ‘ಕ’ವನ್ನಾಗಲಿ ‘ಇ’ಯನ್ನಾಗಲಿ ಯಾರೂ ಸರಿಯಾದ ಅಕ್ಷರವೆಂದು ಓದುವುದಿಲ್ಲ. ಆದರೆ ಗುರುವಿನ ಅಡ್ಡಗೆರೆ (–), ಲಘುವಿನ ಬಟ್ಟಲುಗೆರೆ (∪), ಗಣವನ್ನು ಬೇರ್ಪಡಿಸುವ ನಿಲುಗೆರೆ, ಇವು ಮೂರೂ ಎಡಬಲ ತಿರುಗಿಸಿದರೂ ಬದಲಾಗದ ಚಿಹ್ನೆಗಳು. ಸೊನ್ನೆಯೂ ಹಾಗೆಯೇ. ಎಂದರೆ ಎಲ್ಲಿ ಒಂದು ಗೆರೆಯಿಂದ ಉತ್ತರ ಸರಿಯೋ ತಪ್ಪೋ ಆಗುತ್ತದೆಯೋ ಅಲ್ಲಿಯೇ ಈ ಕನ್ನಡಿಯ ಲಕ್ಷಣ ಕೈಕೊಡುತ್ತದೆ. ಹಿಂಪುಟದಲ್ಲಿಯೂ ಪ್ರಸ್ತಾರವೇ ಇದ್ದರೆ ಗಣಗಳ ಅನುಕ್ರಮ ಹಿಂದುಮುಂದಾಗಿ ಭಗಣ ಸಗಣವಾಗಿ, ಯಗಣ ತಗಣವಾಗಿ ತೋರುತ್ತವೆ. ಮ, ನ, ರ, ಜ ಗಣಗಳು ಮಾತ್ರ ತಿರುಗಿದರೂ ತಾವಾಗಿಯೇ ಉಳಿಯುತ್ತವೆ.

ಒಂದು ಪುಟವನ್ನು ಕಲ್ಪಿಸಿಕೊಂಡು ನೋಡಬಹುದು. ಹಾಳೆಯ ಅಗಲ 21 ಸೆಂ.ಮೀ. ಉತ್ಪಲಮಾಲೆಯ ಒಂದು ಪಾದ ಒಂದೇ ಸಾಲಿನಲ್ಲಿ, ಎಡ ಅಂಚಿನಿಂದ 3ರಿಂದ 19 ಸೆಂ.ಮೀ.ವರೆಗೆ ಹರಡಿದೆ. ಭ, ರ, ನ, ಭ, ಭ, ರ ಗಣಗಳು, ಕೊನೆಗೆ ಒಂದು ಲಘು, ಒಂದು ಗುರು. ಒಟ್ಟು 20 ಅಕ್ಷರ. ಚಿತ್ರದಲ್ಲಿ ಮೊದಲ ನಾಲ್ಕು ಗಣಗಳು ಸರಿಯಾಗಿ ಕಾಣುತ್ತವೆ. ಐದನೆಯ ಮತ್ತು ಆರನೆಯ ಗಣಗಳ ಮೇಲೆ ಮಾತ್ರ ಆರೂ ಗುರುಗಳೇ ಇದ್ದಂತೆ, ಎರಡೂ ಮಗಣವೆಂಬಂತೆ ತೋರುತ್ತದೆ. ಮೌಲ್ಯಮಾಪಕರು ಇದನ್ನು ವಿದ್ಯಾರ್ಥಿಯ ಅಜ್ಞಾನವೆಂದು ಬಗೆದು ಅಂಕ ಕಳೆಯುವುದು ಸಹಜ.

ಆದರೆ ಹಿಂಪುಟದ ಚಿತ್ರವನ್ನು ತೆರೆದರೆ ಅಲ್ಲಿ ಒಂದು ಶೀರ್ಷಿಕೆಯಿದ್ದು, ಅದರ ಕೆಳಗೆ ನೀಲಿ ಜೆಲ್ ಪೆನ್ನಿನಿಂದ ಒತ್ತಿ ಎಳೆದ ಅಡಿಗೆರೆ ಇದೆ. ಅದು ಆ ಪುಟದ ಎಡ ಅಂಚಿನಿಂದ 3ರಿಂದ 9 ಸೆಂ.ಮೀ.ವರೆಗೆ ಹೋಗಿದೆ. ಮುಂಪುಟದಲ್ಲಿ ಅದರ ಸ್ಥಾನ 12ರಿಂದ 18 ಸೆಂ.ಮೀ., ಅಂದರೆ ಸರಿಯಾಗಿ ಆ ಎರಡು ಗಣಗಳ ನೆತ್ತಿ. ಗೆರೆ ಹಾಕಿದ ಹಾಳೆಯಲ್ಲಿ ಎರಡು ಬದಿಯ ಗೆರೆಗಳೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ, ಹಿಂದಿನ ಅಡಿಗೆರೆ ಮುಂದೆ ಕೆಳಗಿನ ಸಾಲಿನ ತಲೆಯ ಮೇಲೆ, ಪ್ರಸ್ತಾರ ಹಾಕುವ ಎಡೆಯಲ್ಲಿಯೇ ಬೀಳುತ್ತದೆ. ಇನ್ನೂ ಒಂದು ಸುಳಿವುಂಟು. ಕೈಯಿಂದ ಹಾಕಿದ ಗುರುಗಳ ನಡುವೆ ತೆರಪು ಇರುತ್ತದೆ. ಇಳಿದ ಗೆರೆ ಅಕ್ಷರಗಳನ್ನು ಲೆಕ್ಕಿಸದೆ ಸಾಗುತ್ತದೆ, ಶಾಯಿ ಎಲ್ಲಿ ಹಾಯ್ದಿಲ್ಲವೋ ಅಲ್ಲಿ ಮಾತ್ರ ತುಂಡಾಗುತ್ತದೆ.

ಇಷ್ಟರಿಂದ ಗೆರೆ ಹಿಂಪುಟದ್ದೆಂದು ತಿಳಿಯಿತೇ ಹೊರತು, ಅದರ ಅಡಿಯಲ್ಲಿ ವಿದ್ಯಾರ್ಥಿ ಏನು ಬರೆದಿದ್ದನೆಂಬುದು ತಿಳಿಯಲಿಲ್ಲ. ಇಲ್ಲಿ ಬಣ್ಣ ನೆರವಿಗೆ ಬರುತ್ತದೆ. ಚಿತ್ರವು ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಿಂದಾದುದು. ನೀಲಿ ಶಾಯಿ ನೀಲಿ ಬೆಳಕನ್ನು ಮರಳಿಸುವುದರಿಂದ ನೀಲಿ ಪದರದಲ್ಲಿ ಅದು ಕಾಗದದ ಸಮೀಪಕ್ಕೆ ತಿಳಿಯಾಗುತ್ತದೆ. ಬೂದುಬಣ್ಣದ ಪೆನ್ಸಿಲ್ ಮೂರು ಪದರಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಸಮನಾಗಿ ಉಳಿಯುತ್ತದೆ. 0 ಕಪ್ಪು, 255 ಬಿಳಿ ಎಂಬ ಅಳತೆಯಲ್ಲಿ ಸಾಮಾನ್ಯ ಬೂದು ಚಿತ್ರದಲ್ಲಿ ಕಾಗದ 230, ಪೆನ್ಸಿಲ್ 200, ಇಳಿದ ಶಾಯಿ 185 ಇದೆಯೆಂದು ಇಟ್ಟುಕೊಂಡರೆ, ಶಾಯಿಯನ್ನು ಅಳಿಸುವ ಯಾವ ಗಡಿಯೂ ಅದಕ್ಕಿಂತ ತೆಳುವಾದ ಪೆನ್ಸಿಲನ್ನು ಉಳಿಸಲಾರದು. ಮೊಬೈಲಿನ ಸ್ಕ್ಯಾನರ್ ಆ್ಯಪ್‌ಗಳ ಕಪ್ಪುಬಿಳುಪು ಆಯ್ಕೆ ಪ್ರಸ್ತಾರವನ್ನೇ ನುಂಗಿಬಿಡುವುದು ಇದರಿಂದಲೇ. ನೀಲಿ ಪದರದಲ್ಲಿ ಶಾಯಿ 215ಕ್ಕೆ ಏರಿ ಪೆನ್ಸಿಲ್ 200ರ ಆಸುಪಾಸಿನಲ್ಲಿಯೇ ನಿಂತರೆ ಕ್ರಮ ತಲೆಕೆಳಗಾಗುತ್ತದೆ; ಗೆರೆ ಮಸುಕಾಗಿ ಲಘುವಿನ ಬಟ್ಟಲು ಮೇಲೇಳುತ್ತದೆ. ಇದಕ್ಕೆ ಉಚಿತವಾಗಿ ದೊರೆಯುವ GIMP ತಂತ್ರಾಂಶದಲ್ಲಿ `Colors > Components > Decompose` ಎಂಬ ಆಯ್ಕೆ ಸಾಕು. ಹಿಂಪುಟದ ಚಿತ್ರವನ್ನು ಎಡಬಲ ತಿರುಗಿಸಿ ಹೋಲಿಸಲು `Image > Transform > Flip Horizontally` ಇದೆ.

ಈ ಉಪಾಯಕ್ಕೆ ಮಿತಿಗಳಿವೆ. ಕಪ್ಪು ಶಾಯಿಗೆ ಇದು ನಿಷ್ಪ್ರಯೋಜಕ. ಸಂದೇಶದ ಆ್ಯಪ್‌ಗಳ ಮೂಲಕ ಕುಗ್ಗಿ ಬಂದ ಚಿತ್ರದಲ್ಲಿಯೂ ಫಲ ಅನುಮಾನವೇ. ಅಲ್ಲಿ ಬಣ್ಣದ ವಿವರವೇ ಹೆಚ್ಚಾಗಿ ಸೋರಿಹೋಗಿ ನೀಲಿ ಪದರ ಚೌಕಚೌಕವಾಗಿ ಒಡೆದಿರುತ್ತದೆ. ಮೂಲ ಕಡತವನ್ನೇ ಕೇಳಿ ಪಡೆಯಬೇಕು.

ಇದಕ್ಕಿಂತ ಗಂಭೀರವಾದ ತೊಡಕು ಕನ್ನಡ ಅಧ್ಯಾಪಕರ ಶಿಕ್ಷಣದಲ್ಲಿಯೇ ಇದೆ. ಗ್ರಂಥಸಂಪಾದನೆಯಲ್ಲಿ ಅಕ್ಷರ ಸವೆದ ಎಡೆಯಲ್ಲಿ ಛಂದಸ್ಸು ನಂಬಬಹುದಾದ ಸಾಕ್ಷಿ. ಹುಳು ತಿಂದ ಓಲೆಯ ಪಾದದಲ್ಲಿ ಒಂದು ಲಘು ಬೇಕೆಂದು ವೃತ್ತವೇ ಹೇಳಿದರೆ ಸಂಪಾದಕ ಅದನ್ನು ಊಹಿಸಿ ಕಂಸದಲ್ಲಿ ತುಂಬುತ್ತಾನೆ. ಅಲ್ಲಿ ಅರಸುವುದು ಕವಿಯ ಪಾಠವನ್ನು, ಮತ್ತು ಕವಿ ಛಂದಸ್ಸು ಬಲ್ಲವನೆಂಬುದು ಗೃಹೀತ. ಉತ್ತರಪುಟದಲ್ಲಿ ಆ ಗೃಹೀತಕ್ಕೆ ಎಡೆಯಿಲ್ಲ. ವಿದ್ಯಾರ್ಥಿ ಛಂದಸ್ಸು ಬಲ್ಲನೇ ಎಂಬುದೇ ಪ್ರಶ್ನೆ. ಐದನೆಯ ಗಣ ಭಗಣವಾಗಿರಲೇಬೇಕೆಂದು ಮಸುಕಿನಲ್ಲಿ ಎರಡು ಲಘುಗಳನ್ನು ಕಾಣುವ ಮೌಲ್ಯಮಾಪಕರು ತಮ್ಮ ಉತ್ತರಕ್ಕೆ ತಾವೇ ಅಂಕ ಕೊಟ್ಟುಕೊಂಡಂತಾಗುತ್ತದೆ. ಕಂಡ ಅಡ್ಡಗೆರೆಯನ್ನೇ ಗುರುವೆಂದು ಓದಿ ಅಂಕ ಕಳೆಯುವವರು ಶಾಯಿಯ ತಪ್ಪನ್ನು ವಿದ್ಯಾರ್ಥಿಯ ಮೇಲೆ ಹೊರಿಸುತ್ತಾರೆ. ಮೊದಲನೆಯದು ಉದಾರವಾಗಿ ಕಾಣುವುದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ, ಅಷ್ಟೆ.

ಆದ್ದರಿಂದ ವೃತ್ತದ ಲಕ್ಷಣವನ್ನು ಬದಿಗಿಟ್ಟು ಚಿಹ್ನೆಗಳನ್ನು ಮೊದಲು ಒಂದೊಂದಾಗಿ ಓದಿ ಬರೆದುಕೊಳ್ಳುವುದು, ಓದಲಾಗದ ಎಡೆಯಲ್ಲಿ ಪ್ರಶ್ನಚಿಹ್ನೆಯನ್ನು ಇಡುವುದು, ಅನಂತರವೇ ಲಕ್ಷಣದೊಡನೆ ಹೋಲಿಸುವುದು ಯುಕ್ತ. ಹಿಂಪುಟ ಖಾಲಿಯಿದ್ದರೂ ಅದರ ಚಿತ್ರವನ್ನು ತರಿಸಿಕೊಳ್ಳಬೇಕು. ಖಾಲಿಯಿದ್ದರೆ ಮುಂದಿನ ಗೆರೆ ವಿದ್ಯಾರ್ಥಿಯದೇ ಎಂಬುದು ಬಹುಮಟ್ಟಿಗೆ ಖಚಿತವಾಗುತ್ತದೆ. ಎಲ್ಲವನ್ನೂ ನೋಡಿದ ಮೇಲೂ ಪ್ರಶ್ನಚಿಹ್ನೆ ಉಳಿದರೆ ಆ ಗಣಗಳಿಗೆ ಅಂಕ ಕೊಡದೆ, ಕಳೆಯದೆ, ಮೂಲ ಹಾಳೆ ಬರುವವರೆಗೆ ಅಂಕಪಟ್ಟಿಯನ್ನು ತಡೆಹಿಡಿಯಬೇಕು. ಹಾಗೆ ತಡೆಹಿಡಿಯಲು ಅವಕಾಶವಿರಬೇಕಾದರೆ ಚಿತ್ರ ಕಳಿಸಿದ ವಿದ್ಯಾರ್ಥಿ ಹಾಳೆಯನ್ನು ಫಲಿತಾಂಶದವರೆಗೆ ಹರಿಯದೆ ಇಟ್ಟುಕೊಂಡಿರಬೇಕೆಂಬ ಒಂದು ಸಾಲನ್ನು ಪ್ರಶ್ನಪತ್ರಿಕೆಯ ಸೂಚನೆಗಳಲ್ಲಿ ಸೇರಿಸಬೇಕಾಗುತ್ತದೆ.